ಪಂಚ್ ಔಟ್ ಆದ ಮೇಲೂ ಬೆನ್ನು ಬಿಡದ ಹಾಜರಿ ಆ್ಯಪ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಬೀಜ-ಗೊಬ್ಬರದ ಮಾರಾಟ ನೋಡಿಕೊಳ್ಳುವ ಫೀಲ್ಡ್ ಸ್ಟಾಫ್‌ಗೆ ಕೊಡುವ ಹಾಜರಿ ಆ್ಯಪ್ ಇದು. ಬೆಳಗ್ಗೆ ಡಿಪೋದಲ್ಲಿ ಸೆಲ್ಫಿ ತೆಗೆದು ಪಂಚ್ ಇನ್, ಸಂಜೆ ಕೊನೆಯ ಡೀಲರ್ ಅಂಗಡಿಯಲ್ಲಿ ಪಂಚ್ ಔಟ್. ಉಳಿದ ಫೀಚರ್‌ಗಳನ್ನು ಪ್ಲೇ ಸ್ಟೋರ್‌ನಲ್ಲೇ ಓದಿಕೊಳ್ಳಬಹುದು.

ಮೊದಲ ತಿಂಗಳು ತಲೆಕೆಡಿಸಿದ್ದು ಕೆಂಪಕ್ಷರದ `Out of range`, ಅಂದರೆ ನೀವು ಡಿಪೋದ ಗಡಿಯಾಚೆ ಇದ್ದೀರಿ, ಪಂಚ್ ಆಗದು. ಡಿಪೋ ಒಳಗೇ ಕೂತವರಿಗೂ ಅದೇ ಉತ್ತರ. ಆರ್‌ಸಿಸಿ ಛಾವಣಿಯ ಕೆಳಗೆ ಜಿಪಿಎಸ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಆಗ ಫೋನ್ ವೈಫೈ ಮತ್ತು ಟವರ್ ನೋಡಿ ಜಾಗವನ್ನು ಅಂದಾಜು ಮಾಡುತ್ತದೆ, ಆ ಅಂದಾಜು ನೂರಾರು ಮೀಟರ್ ತಪ್ಪಬಹುದು. ಪರೀಕ್ಷಿಸುವುದು ಸುಲಭ. ಗೂಗಲ್ ಮ್ಯಾಪ್ಸ್ ತೆರೆದರೆ ನೀಲಿ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ಕಾಣುತ್ತದೆ. ವೃತ್ತ ದೊಡ್ಡದಿದ್ದಷ್ಟೂ ಫೋನ್‌ಗೆ ತಾನೆಲ್ಲಿದ್ದೇನೆ ಎನ್ನುವುದು ಅನುಮಾನ. ಹಾಗಾಗಿ ದಿನದ ಶಾಸ್ತ್ರ ಹೀಗೆ: ಬೈಕ್ ನಿಲ್ಲಿಸಿ, ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿ, ಒಳಗೆ ಹೋಗುವ ಮೊದಲೇ ಬಯಲಲ್ಲಿ ಅರ್ಧ ನಿಮಿಷ ಮ್ಯಾಪ್ಸ್ ತೆರೆದಿಟ್ಟುಕೊಂಡು ನಿಲ್ಲುವುದು. ವೃತ್ತ ಕುಗ್ಗಿ ಚುಕ್ಕೆಗೆ ಅಂಟಿದ ಮೇಲೆ ಪಂಚ್. ಟೀ ಅದಾದ ಮೇಲೆ.

ಬಯಲಲ್ಲಿ ನಿಂತರೂ ಅದೇ ಕೆಂಪಕ್ಷರ ಬಂದರೆ ತಪ್ಪು ಫೋನಿನದಲ್ಲ, ಆಫೀಸಿನದು. ಡಿಪೋ ಗೇಟ್ ಇರುವುದು ಅಕ್ಷಾಂಶ, ರೇಖಾಂಶ 15.36448, 75.12347ರಲ್ಲಿ ಅಂದುಕೊಳ್ಳಿ. ಅಡ್ಮಿನ್ ಅದನ್ನು 15.364, 75.123 ಎಂದಷ್ಟೇ ಟೈಪ್ ಮಾಡಿದರೆ ದಕ್ಷಿಣಕ್ಕೆ ಸುಮಾರು 53 ಮೀಟರ್, ಪಶ್ಚಿಮಕ್ಕೆ ಸುಮಾರು 50 ಮೀಟರ್ ಜರುಗಿ, ನೇರ ಅಳತೆಯಲ್ಲಿ ಗೇಟ್ 73 ಮೀಟರ್ ದೂರ ಬೀಳುತ್ತದೆ. ಆ್ಯಪ್‌ನ ಗಡಿ 50 ಮೀಟರ್ ಇದ್ದರೆ ಗೇಟಿನಲ್ಲಿ ನಿಂತವನು ಗೈರುಹಾಜರು! ನಮ್ಮಲ್ಲಿ ಆಗಿದ್ದೂ ಇದೇ ಬಗೆಯ ಎಡವಟ್ಟು. ಅಂಕಿಗಳನ್ನು ಮ್ಯಾಪ್ಸ್‌ನಿಂದ ಪೂರ್ತಿ ಕಾಪಿ ಮಾಡಿ ಹಾಕಿ, ಗಡಿಯನ್ನು 150 ಮೀಟರ್‌ಗೆ ಏರಿಸಿದ ಮೇಲೆ ತಕರಾರು ನಿಂತಿತು. ಆಂಡ್ರಾಯ್ಡ್ ಡೆವಲಪರ್‌ಗಳಿಗೆ ಗೂಗಲ್ ಕೊಡುವ ಸಲಹೆಯೂ ಕನಿಷ್ಠ 100ರಿಂದ 150 ಮೀಟರ್.

ಇದಾದ ಮೇಲೆ ಆ್ಯಪ್ ಮೇಲಿನ ಸಿಟ್ಟು ಇಳಿದಿದ್ದು ನಿಜ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ಪಂಚ್ ಆಗುತ್ತದೆ, ಸಿಗ್ನಲ್ ಬಂದಾಗ ತಾನಾಗಿ ಅಪ್‌ಲೋಡ್ ಆಗುತ್ತದೆ. ಫೋನ್‌ನ ಆಟೋಮ್ಯಾಟಿಕ್ ಟೈಮ್ ಮಾತ್ರ ಆನ್ ಇರಬೇಕು. ಟಿಎ ಬಿಲ್‌ಗೆ ಕಿಲೋಮೀಟರ್ ಲೆಕ್ಕವೂ ತಾನೇ ಬರುತ್ತದೆ, ಡೈರಿ ಬರೆಯುವ ಕಾಟ ತಪ್ಪಿತು.

ಆದರೆ ಆ ಕಿಲೋಮೀಟರ್ ಲೆಕ್ಕದ ಹೆಸರಲ್ಲೇ ಆ್ಯಪ್ `Allow all the time` ಕೇಳುತ್ತದೆ. ಕೊಟ್ಟರೆ, ಆ್ಯಪ್ ಮುಚ್ಚಿದ್ದರೂ ಅದು ಲೊಕೇಶನ್ ಓದಬಲ್ಲದು. ಪಂಚ್ ಔಟ್ ಆದ ಮೇಲೆ ಓದುವುದು ನಿಲ್ಲುತ್ತದೆ ಎಂಬುದು ಕಂಪನಿಯ ಮಾತು. ನಂಬುವ ಮೊದಲು ನೋಡಿಬಿಡಿ: ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸ ಫೋನ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ `Privacy dashboard` ಹುಡುಕಿ, `Location` ಒತ್ತಿ. ಯಾವ ಆ್ಯಪ್ ಎಷ್ಟು ಗಂಟೆಗೆ ಲೊಕೇಶನ್ ಓದಿತು ಎಂಬ ಹಿಂದಿನ 24 ಗಂಟೆಯ ಲೆಕ್ಕ ಅಲ್ಲಿರುತ್ತದೆ. ಇಲ್ಲಿ ಸಂಜೆ ಆರಕ್ಕೆ ಪಂಚ್ ಔಟ್ ಆದರೂ ರಾತ್ರಿ ಒಂಬತ್ತರವರೆಗೆ ಆ್ಯಪ್ ಹೆಸರು ಕಾಣಿಸಿತು. ಊಟದ ಹೊತ್ತಿಗೆ ಎಲ್ಲಿದ್ದೆವು ಎನ್ನುವುದು ಯಾರ ಟಿಎ ಬಿಲ್‌ಗೆ ಬೇಕು?

ಸದ್ಯಕ್ಕೆ ಇರುವ ದಾರಿ, ಅನುಮತಿಯನ್ನು `Allow only while using the app`ಗೆ ಬದಲಿಸುವುದು. ಪಂಚ್ ಇನ್, ಪಂಚ್ ಔಟ್ ಎರಡೂ ಸರಾಗ ನಡೆಯುತ್ತವೆ. ದಾರಿಯ ಗೆರೆ ಮಾತ್ರ ತುಂಡಾಗಿ ಕಿಲೋಮೀಟರ್ ಕಡಿಮೆ ಬೀಳುತ್ತದೆ, ಹಾಗಾಗಿ ಪ್ರತಿ ಡೀಲರ್ ಅಂಗಡಿಯಲ್ಲೂ ಚೆಕ್ ಇನ್ ಒತ್ತಬೇಕು. `Use precise location` ಆಫ್ ಮಾಡಲು ಹೋಗಬೇಡಿ. ಆಗ ಸುಮಾರು 3 ಚದರ ಕಿಲೋಮೀಟರ್‌ನ ಅಂದಾಜಷ್ಟೇ ಆ್ಯಪ್‌ಗೆ ಸಿಗುತ್ತದೆ, 150 ಮೀಟರ್ ಗಡಿಗೆ ಅದು ಸಾಲದು. ನಕಲಿ ಲೊಕೇಶನ್ ಆ್ಯಪ್ ಅಂತೂ ಬೇಡವೇ ಬೇಡ. ಈ ಲೊಕೇಶನ್ ನಕಲಿ ಎಂಬ ಗುರುತನ್ನು ಆಂಡ್ರಾಯ್ಡ್ ತಾನೇ ಹಚ್ಚಿ ಕೊಡುತ್ತದೆ, ಕೆಲಸಕ್ಕೇ ಕುತ್ತು.

ಒಪ್ಪಿಗೆ ಕೊಡುವುದಿಲ್ಲ ಎಂದು ಎಚ್‌ಆರ್ ಜತೆ ವಾದಿಸಿದರೆ ಹೆಚ್ಚು ದೂರ ಹೋಗದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಆದರೆ ಹಿಡಿಯಬೇಕಾದ ಎಳೆಯೂ ಅಲ್ಲೇ ಇದೆ: ರಾತ್ರಿ ಒಂಬತ್ತರ ಲೊಕೇಶನ್ ಯಾವ ಉದ್ಯೋಗದ ಉದ್ದೇಶಕ್ಕೆ? ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್ ಸೇರಿಸಿ ಮೇಲ್‌ನಲ್ಲಿ ಮೂರು ಪ್ರಶ್ನೆ ಕೇಳಿ: ಪಂಚ್ ಔಟ್ ನಂತರ ಓದುವುದೇಕೆ, ದಾರಿಯ ಗೆರೆ ಯಾರ ಸ್ಕ್ರೀನ್‌ಗೆ ಹೋಗುತ್ತದೆ, ಸೆಲ್ಫಿಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ. ಮೊದಲನೆಯದಕ್ಕೆ ‘ಅಪ್‌ಡೇಟ್‌ನಲ್ಲಿ ಸರಿಯಾಗುತ್ತೆ’ ಎಂಬ ಉತ್ತರ ಬಂದಿದೆ. ಉಳಿದೆರಡಕ್ಕೆ ಇನ್ನೂ ಇಲ್ಲ. ಐದರಲ್ಲಿ ಮೂರು ಸ್ಟಾರ್, ಆ ಅಪ್‌ಡೇಟ್ ಬರುವವರೆಗೆ.