ಗಾಳಿ-ನೀರಿನ ಕ್ಯಾಲಿಬ್ರೇಷನ್ಗಿಂತ ತಕ್ಕಡಿ ಮೇಲು: ಮಣ್ಣಿನ ತೇವದ ಸೆನ್ಸರ್, ಎರಡು ವಿಧಾನದ ಹೋಲಿಕೆ

ಶಿರಸಿ ಮನೆಯ ಅಂಗಳದಲ್ಲಿ ಕುಂಡದಲ್ಲಿಟ್ಟ ಬುಷ್ ಪೆಪ್ಪರ್ ಗಿಡಗಳಿಗೆ ಬೇಸಿಗೆಯಲ್ಲಿ ತಾನೇ ನೀರು ಬಿಡುವ ಪಂಪ್ ಕಟ್ಟಿದ್ದೇನೆ. ಕಾಳುಮೆಣಸಿಗೆ ಬೇರು ಸದಾ ಒದ್ದೆಯಾಗಿದ್ದರೆ ಆಗಿ ಬರುವುದಿಲ್ಲ, ಬೇರು ಕೊಳೆತು ಸೊರಗುತ್ತದೆ. ಹಾಗಾಗಿ ಪಂಪ್ ಯಾವಾಗ ಶುರು ಆಗಬೇಕು ಅನ್ನುವುದಕ್ಕಿಂತ ಯಾವಾಗ ಸುಮ್ನೆ ಇರಬೇಕು ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಸೆನ್ಸರ್ ಮಾಮೂಲಿ ಕಪ್ಪು ಕೆಪ್ಯಾಸಿಟಿವ್ ಪಟ್ಟಿ, ಬೋರ್ಡ್ ಆರ್ಡುಯಿನೋ ಊನೋ. ಒಣಗಿದಷ್ಟೂ ರೀಡಿಂಗ್ ಏರುತ್ತದೆ, ಒದ್ದೆಯಾದಷ್ಟೂ ಇಳಿಯುತ್ತದೆ.

ಮೊದಲನೆಯದು ಎಲ್ಲರೂ ಮಾಡುವ ವಿಧಾನ. ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಒಂದು ರೀಡಿಂಗ್, ಪಟ್ಟಿಯ ಮೇಲಿರುವ ಗೆರೆಯವರೆಗೆ ಲೋಟದ ನೀರಲ್ಲಿ ಮುಳುಗಿಸಿ ಇನ್ನೊಂದು. ನನ್ನ ಪಟ್ಟಿಗೆ 525 ಮತ್ತು 265 ಬಂತು. 525 ಅಂದರೆ ಶೇ. 0, 265 ಅಂದರೆ ಶೇ. 100. ಐದು ನಿಮಿಷದ ಕೆಲಸ, ಸೆನ್ಸರ್ ಕೆಟ್ಟಿದೆಯಾ ಇಲ್ಲವಾ ಅಂತ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಈ ಶೇಕಡಾ ಮಣ್ಣಿನದಲ್ಲ. ಪೂರ್ತಿ ನೆನೆದ ಮಣ್ಣಿನಲ್ಲೂ ಸುಮಾರು ಅರ್ಧದಷ್ಟು ಜಾಗ ಸಾಮಾನ್ಯವಾಗಿ ಮಣ್ಣಿನ ಕಣಗಳದ್ದೇ, ಅಲ್ವಾ? ಲೋಟದ 100 ಕುಂಡದಲ್ಲಿ ಬರುವುದೇ ಇಲ್ಲ.

ಎರಡನೆಯದಕ್ಕೆ ಅಡುಗೆಮನೆಯ ದೊಡ್ಡ ತಕ್ಕಡಿ ಬೇಕು, ತಾಳ್ಮೆಯೂ ಬೇಕು. ಸೆನ್ಸರನ್ನು ಗಿಡ ಇರುವ ಕುಂಡದಲ್ಲೇ ಗೆರೆಯವರೆಗೆ ಒತ್ತಿ ನೆಟ್ಟು, ಆಮೇಲೆ ಅಲುಗಿಸಬಾರದು. ಕೆಳಗಿನ ತೂತಿನಿಂದ ನೀರು ಹರಿಯುವವರೆಗೆ ಹಾಕಿ, ಮಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಸೋರಲು ಬಿಟ್ಟೆ. ಬೆಳಿಗ್ಗೆ ಕುಂಡ 8.4 ಕೆ.ಜಿ., ರೀಡಿಂಗ್ 330. ಈ ಮಣ್ಣು ಹಿಡಿದಿಟ್ಟುಕೊಳ್ಳುವುದೇ ಇಷ್ಟು, ಇದಕ್ಕಿಂತ ಹೆಚ್ಚು ಹಾಕಿದ್ದೆಲ್ಲ ಕೆಳಗೆ ಹೋಗುತ್ತದೆ. ಆಮೇಲೆ ನೀರು ಹಾಕದೆ ದಿನಾ ತೂಗುತ್ತಾ ಹೋದೆ. ಎಳೆ ಎಲೆ ತುಸು ಜೋಲುವಾಗ 7 ಕೆ.ಜಿ., ರೀಡಿಂಗ್ 450. ಅಂದರೆ ಗಿಡಕ್ಕೆ ಸಿಗುವ ನೀರು 1.4 ಕೆ.ಜಿ.; ಅದರ ಅರ್ಧ ಖರ್ಚಾದಾಗ, 7.7 ಕೆ.ಜಿ.ಯಲ್ಲಿ, ರೀಡಿಂಗ್ 400 ಇತ್ತು. ಪಂಪ್ ಶುರುವಾಗುವ ಮಿತಿ ಅದೇ.

ಈಗ ಮೊದಲ ವಿಧಾನದ ಲೆಕ್ಕವನ್ನು ಇದರ ಪಕ್ಕ ಇಡಿ. ಸೋರಿ ನಿಂತ ತುಂಬು ಕುಂಡ ಆ ಲೆಕ್ಕದಲ್ಲಿ ಬರೀ ಶೇ. 75. 'ಶೇ. 60ಕ್ಕೆ ಇಳಿದರೆ ನೀರು' ಅಂತ ಇಟ್ಟರೆ ಪಂಪ್ 369ಕ್ಕೇ ಶುರುವಾಗುತ್ತದೆ, ಆಗ ಕುಂಡದಿಂದ ಹೋಗಿರುವುದು ಮುನ್ನೂರು ಗ್ರಾಂ ಅಷ್ಟೆ. ಯಾರಾದರೂ 'ಶೇ. 80 ಇರಲಿ' ಅಂತ ಇಟ್ಟರೋ, ಅದು 317. ಸೋರಿದ ಮಣ್ಣು ಅಲ್ಲಿ ನಿಲ್ಲುವುದೇ ಇಲ್ಲ, ಹಾಗಾಗಿ ಪಂಪ್ ಮತ್ತೆ ಮತ್ತೆ ಓಡುತ್ತಲೇ ಇರುತ್ತದೆ.

ಒಂದೇ ಮಿತಿ ಇಟ್ಟುಕೊಳ್ಳುವುದಕ್ಕಿಂತ ಎರಡು ಮಿತಿ ಒಳ್ಳೆಯದು: 400 ದಾಟಿದರೆ ಶುರು, 345ಕ್ಕಿಂತ ಇಳಿದರೆ ಬಂದ್. ಒಂದೇ ಇದ್ದರೆ 399, 401 ಅಂತ ಆಚೀಚೆ ಆಗುವಾಗಲೆಲ್ಲ ಪಂಪ್ ಕಟಕಟ ಅನ್ನುತ್ತದೆ, ಮೇಲಿನ ಮಣ್ಣು ಮಾತ್ರ ಸದಾ ಒದ್ದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇದಿಷ್ಟು ಓಡಿಸುತ್ತೇನೆ, ಹತ್ತು ರೀಡಿಂಗ್‌ನ ಸರಾಸರಿ `r`:

```
if (r > 400) need = true;
if (r < 345) need = false;
if (need && r < 500) pulse();
```

`pulse()` ಅಂದರೆ ಹತ್ತು ಸೆಕೆಂಡ್ ನೀರು. ನೀರು ಸೆನ್ಸರ್ ಹತ್ತಿರ ಇಳಿದು ಬರಲು ಹೊತ್ತು ಬೇಕು, ಒಂದೇ ಸಮನೆ ಬಿಟ್ಟರೆ ಸೆನ್ಸರಿಗೆ ಗೊತ್ತಾಗುವ ಮೊದಲೇ ಕೆಳಗಿನ ತೂತಲ್ಲಿ ನೀರು ಹರಿಯುತ್ತದೆ. 500ರ ಷರತ್ತು ಯಾಕೆ ಅಂದರೆ, ಸೆನ್ಸರ್ ಸಡಿಲವಾಗಿ ಪಕ್ಕದಲ್ಲಿ ಗಾಳಿ ಸೇರಿದರೆ ಅದು 'ಒಣಗಿದೆ' ಅಂತಲೇ ಹೇಳುತ್ತದೆ, ಪಂಪ್ ನಂಬಿ ನೀರು ಸುರಿಯುತ್ತದೆ. ಎಲೆ ಜೋಲುವ 450ನ್ನೂ ದಾಟಿ 500 ತೋರಿಸಿದರೆ ನಾನು ಮಣ್ಣನ್ನಲ್ಲ, ಸೆನ್ಸರನ್ನು ನೋಡುತ್ತೇನೆ. ಸ್ವಲ್ಪವೇ ಸಡಿಲವಾದದ್ದು ಇದಕ್ಕೆ ಸಿಕ್ಕಿಬೀಳುವುದಿಲ್ಲ, ಅದಕ್ಕೆ ದಿನಕ್ಕೆ ಇಷ್ಟೇ ಪಲ್ಸ್ ಅಂತ ಮಿತಿ ಹಾಕಿಬಿಡಿ.

ಎರಡನೇ ವಿಧಾನದ ತೊಂದರೆ ಅಂದರೆ ಈ ಅಂಕಿ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಕಾರವಾರದಲ್ಲಿರುವ ಭಾವ 'ನಿನ್ನ ನಂಬರ್ ಕಳಿಸು, ಹಾಕ್ಕೋತೇನೆ' ಅಂದ. ಅವನದು ಮರಳು ಮಣ್ಣು. ರಾತ್ರಿ ಸೋರಿಸಿ ನೋಡಿದರೆ ತುಂಬು ಕುಂಡವೇ 395! ನನ್ನ 400 ಹಾಕಿದ್ದರೆ, ನೀರು ಸೋರಿ ಮುಗಿಯುವಷ್ಟರಲ್ಲಿ ಮತ್ತೆ ಪಂಪ್. ನನ್ನ ಕುಂಡದಲ್ಲಿ ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಜಾಸ್ತಿ, ಅದು ನೀರು ಹಿಡಿಯುವುದೇ ಬೇರೆ. ಸೆನ್ಸರ್ ಬದಲಾಯಿಸಿದರೂ ಮತ್ತೆ ತೂಗಬೇಕು, ಒಂದೇ ಪ್ಯಾಕೆಟ್‌ನ ಎರಡು ಪಟ್ಟಿಗಳೂ ಒಂದೇ ರೀಡಿಂಗ್ ಕೊಡುವುದಿಲ್ಲ.

ಗಿಡ ಒಂದೆರಡೇ ಇದ್ದು ಕೈಯಿಂದಲೇ ನೀರು ಹಾಕುವವರಿಗೆ ಗಾಳಿ-ನೀರಿನ ಶೇಕಡಾ ಸಾಕು, ಏರಿತೋ ಇಳಿಯಿತೋ ಗೊತ್ತಾದರೆ ಆಯಿತು. ಪಂಪ್ ಕಟ್ಟುವವರು ತಕ್ಕಡಿ ತರಲೇಬೇಕು. ಮಳೆಗಾಲದಲ್ಲಿ ನಾನು ಪಂಪ್ ತೆಗೆದಿಟ್ಟರೂ ಸೆನ್ಸರ್ ಬಿಡುತ್ತೇನೆ: ಮಳೆ ಹೊಳವಾಗಿ ಮಾರನೇ ದಿನವೂ ರೀಡಿಂಗ್ 330ಕ್ಕಿಂತ ಕೆಳಗೇ ಕೂತಿದ್ದರೆ ಕುಂಡದ ತೂತು ಕಟ್ಟಿಕೊಂಡಿದೆ ಅಂತ ಲೆಕ್ಕ, ಕಡ್ಡಿ ಹಾಕಿ ಬಿಡಿಸಬೇಕು.