ಗೂಗಲ್ ಫೋಟೋಸ್: ಒರಿಜಿನಲ್ಲಾ, ಸ್ಟೋರೇಜ್ ಸೇವರ್ರಾ?

ಗೂಗಲ್ ಕೊಡೋ ಫ್ರೀ 15 ಜಿಬಿ ಬರೀ ಫೋಟೋಗಲ್ಲ ಗುರು, ಜಿಮೇಲು ಡ್ರೈವು ಎಲ್ಲಾ ಅದರಲ್ಲೇ. ಬ್ಯಾಕಪ್ ಮಾಡುವಾಗ ಒರಿಜಿನಲ್ ಫೋಟೋನ ಇದ್ದ ಹಾಗೇ ಇಡತ್ತೆ, ಸ್ಟೋರೇಜ್ ಸೇವರ್ 16 ಮೆಗಾಪಿಕ್ಸೆಲ್ ದಾಟಿದ ಫೋಟೋನ ಅಷ್ಟಕ್ಕೆ ಇಳಿಸತ್ತೆ, 4ಕೆ ವಿಡಿಯೋನ 1080ಪಿಗೆ. ನಿನ್ ಫೋನ್ 12 ಮೆಗಾಪಿಕ್ಸೆಲ್ ಫೋಟೋ ತೆಗೆದ್ರೆ ಮೆಗಾಪಿಕ್ಸೆಲ್ ಇಳಿಯಲ್ಲ, ಕಂಪ್ರೆಸ್ ಅಷ್ಟೇ ಆಗತ್ತೆ, ಮೊಬೈಲಲ್ಲಿ ನೋಡೋಕೆ, ಸಾಧಾರಣ ಪ್ರಿಂಟಿಗೆ ಧಾರಾಳ ಸಾಕು. ಮದುವೆ ಶೂಟು, 4ಕೆ ವಿಡಿಯೋ, ಎಡಿಟಿಂಗ್ ಅಂದ್ರೆ ಮಾತ್ರ ಒರಿಜಿನಲ್ ಇಟ್ಕೋ, ದುಡ್ಡು ಕೊಟ್ಟು ಜಾಗ ತಗೋಬೇಕಾಗ್ಬೋದು.

ಕೋಟಾ ತುಂಬಿದ್ರೆ ಬ್ಯಾಕಪ್ ನಿಲ್ಲತ್ತೆ, ಹಳೇ ಫೋಟೋ ಕಾಣ್ತಾನೇ ಇರೋದ್ರಿಂದ ನಿಂತಿದ್ದು ಗೊತ್ತಾಗದೇ ಇರ್ಬೋದು, ಜಿಮೇಲಿಗೆ ಹೊಸ ಮೇಲ್ ಕೂಡ ಬರಲ್ಲ. ಆಗ ಸೇವರ್‌ಗೆ ಬದಲಾಯಿಸಿದ್ರೂ ಹೊಸ ಫೋಟೋಗಷ್ಟೇ ಲೆಕ್ಕ. ಹಳೇದನ್ನ ಕುಗ್ಗಿಸೋಕೆ photos.google.com/settings ಅಲ್ಲಿ ಸ್ಟೋರೇಜ್ ಭಾಗಕ್ಕೆ ಹೋಗಿ ಹಳೇ ಫೋಟೋನ ಸ್ಟೋರೇಜ್ ಸೇವರ್‌ಗೆ ಬದಲಾಯಿಸೋ ಆಯ್ಕೆ ಒತ್ತಬೇಕು, ಆದ್ರೆ ಅದು ವಾಪಸ್ ಆಗಲ್ಲ, ಒರಿಜಿನಲ್ ಬೇಕಿದ್ರೆ ಮೊದ್ಲೇ ಹಾರ್ಡ್‌ಡಿಸ್ಕಿಗೆ ಇಳಿಸ್ಕೋ.