ಬಿಟ್‌ವಾರ್ಡನ್ ಉಚಿತ ಆವೃತ್ತಿ: ಇಳಕಲ್‌ನ ಸೀರೆ ಅಂಗಡಿಗೆ ಹೊಂದುತ್ತದೆಯೇ?

ಅಂಕ: 5ಕ್ಕೆ 4. ವರ್ಷಗಟ್ಟಲೆ ಬಳಸಿದ ಮೇಲೂ ಕಾಸು ಕೇಳದ, ಎಷ್ಟು ಪಾಸ್‌ವರ್ಡ್ ಇಟ್ಟರೂ ಎಷ್ಟು ಫೋನಿಗೆ ಹಾಕಿದರೂ ಸುಮ್ಮನಿರುವ ಪಾಸ್‌ವರ್ಡ್ ಮ್ಯಾನೇಜರ್ ಇದು. ಒಂದು ಅಂಕ ಕಡಿಮೆ ಕೊಟ್ಟದ್ದು ಆಂಡ್ರಾಯ್ಡ್‌ನಲ್ಲಿ ಪಾಸ್‌ವರ್ಡನ್ನು ತಾನೇ ತುಂಬುವ ಆಟೋಫಿಲ್ ಆಗಾಗ ಮುನಿಸಿಕೊಳ್ಳುವುದಕ್ಕೆ. ಆದರೆ ಹೊಸಬರು ಸಿಕ್ಕಿಬೀಳುವುದು ಅಲ್ಲಲ್ಲ, ಶುರು ಮಾಡುವ ಕ್ರಮದಲ್ಲಿ.

ಇಳಕಲ್‌ನಲ್ಲಿ ಸೀರೆ ಮಾರುವ ಒಂದು ಅಂಗಡಿ ಎಂದುಕೊಳ್ಳಿ. ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಚಾನೆಲ್, ವಾಟ್ಸ್‌ಆ್ಯಪ್ ಬಿಸಿನೆಸ್ ಎಲ್ಲ ಇವೆ. ಪಾಸ್‌ವರ್ಡ್ ಕೇಳುವಲ್ಲೆಲ್ಲ ಅಂಗಡಿಯ ಹೆಸರು, ಮುಂದೆ @123. ಮೊದಲು ಲೆಕ್ಕ ಸರಿ ಮಾಡಿಕೊಳ್ಳಬೇಕು. ಯೂಟ್ಯೂಬ್‌ಗೆ ಬೇರೆ ಪಾಸ್‌ವರ್ಡ್ ಇಲ್ಲ, ಅದು ಗೂಗಲ್ ಖಾತೆಯದೇ. ಫೇಸ್‌ಬುಕ್ ಪೇಜ್‌ಗೂ ಇಲ್ಲ, ಮಾಲೀಕರ ಸ್ವಂತ ಪ್ರೊಫೈಲ್ ಮೂಲಕವೇ ಅದಕ್ಕೆ ದಾರಿ. ವಾಟ್ಸ್‌ಆ್ಯಪ್‌ಗೆ ಇರುವುದು ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್. ಅಂದರೆ ನಿಜವಾಗಿ ಬದಲಿಸಬೇಕಾದ್ದು ಮೂರೇ ಪಾಸ್‌ವರ್ಡ್: ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ.

ಈ ಮೂರರಲ್ಲಿ ಗೂಗಲ್‌ನದು ಬೇರೆ ಜಾತಿ. ಬಿಟ್‌ವಾರ್ಡನ್ ಖಾತೆಗೆ ಎರಡು ಹಂತದ ಲಾಗಿನ್ ಹಾಕದಿದ್ದರೆ, ಹೊಸ ಫೋನಿನಿಂದ ಒಳಗೆ ಹೋಗುವಾಗ ಅದು ನಿಮ್ಮ ಇಮೇಲ್‌ಗೆ ಒಂದು ಕೋಡ್ ಕಳಿಸುತ್ತದೆ. ಫೋನ್ ಕಳೆದುಹೋಯಿತು, ಹೊಸದು ತಂದಿರಿ ಎನ್ನಿ. ಕೋಡ್ ಬಂದಿರುವುದು ಜಿಮೇಲ್‌ಗೆ. ಜಿಮೇಲ್‌ನ ಪಾಸ್‌ವರ್ಡ್ ಇರುವುದು ಬಿಟ್‌ವಾರ್ಡನ್ ಒಳಗೆ. ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ. ಆದ್ದರಿಂದ ಬಿಟ್‌ವಾರ್ಡನ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮತ್ತು ಜಿಮೇಲ್ ಪಾಸ್‌ವರ್ಡ್, ಇವೆರಡು ಮಾತ್ರ ಕೈಯಿಂದ ಟೈಪ್ ಮಾಡಲು ಬರುವಂತಿರಬೇಕು, ಕಾಗದದ ಮೇಲೂ ಇರಬೇಕು. ಅದೇ ಹಾಳೆಯಲ್ಲಿ ಬಿಟ್‌ವಾರ್ಡನ್‌ಗೆ ಕೊಟ್ಟ ಇಮೇಲ್ ವಿಳಾಸ ಮತ್ತು ಗೂಗಲ್‌ನ ಬ್ಯಾಕಪ್ ಕೋಡ್‌ಗಳನ್ನೂ ಬರೆಯಿರಿ. ಗೂಗಲ್ ಒಮ್ಮೆಗೆ 10 ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿಯದು, ಒಂದೊಂದೇ ಸಲ ನಡೆಯುತ್ತದೆ. ಹೊಲದ ಉತಾರ ಎಲ್ಲಿಡುತ್ತೀರೋ ಆ ತಿಜೋರಿಯಲ್ಲೇ ಈ ಹಾಳೆ ಇರಲಿ. ಅದರ ಫೋಟೋ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಳ್ಳುವ ಜಾಣತನ ಬೇಡ.

ಮಾಸ್ಟರ್ ಪಾಸ್‌ವರ್ಡ್ ಕನಿಷ್ಠ 12 ಅಕ್ಷರ ಇರಬೇಕೆಂದು ಬಿಟ್‌ವಾರ್ಡನ್ ಕೇಳುತ್ತದೆ. ಮರೆತರೆ ಕಂಪನಿಯವರೂ ಅದನ್ನು ತೆರೆದುಕೊಡಲಾರರು, ಏಕೆಂದರೆ ಆ ಪಾಸ್‌ವರ್ಡ್ ಅವರ ಬಳಿ ಇರುವುದೇ ಇಲ್ಲ. ಹೊಸ ಪಾಸ್‌ವರ್ಡ್ ಹುಟ್ಟಿಸಿಕೊಡುವ ಜನರೇಟರ್‌ನ Passphrase ವಿಭಾಗ ಇಂಗ್ಲಿಷ್ ಪದಗಳ ಸಾಲು ಕೊಡುತ್ತದೆ. ಅವು ನೆನಪಿರುವುದಿಲ್ಲ ಎನ್ನುವವರು ಕನ್ನಡ ನಿಘಂಟನ್ನು ಕಣ್ಣುಮುಚ್ಚಿ ಆರು ಕಡೆ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ಸಾಕು. ಮನಸ್ಸಿಗೆ ಹೊಳೆದ ಪದ ಬೇಡ. ನಮ್ಮ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಬಸವಣ್ಣ, ಆಲಮಟ್ಟಿ, ಗೋಲಗುಮ್ಮಟ. ಒಂದು ತೊಡಕು ಕಾಗುಣಿತದ್ದು. ಇಂದು sajji ಎಂದು ಬರೆದವರು ನಾಳೆ sajje ಎಂದು ಟೈಪ್ ಮಾಡುತ್ತಾರೆ, ಬಾಗಿಲು ತೆರೆಯುವುದಿಲ್ಲ. ಹಾಳೆಯಲ್ಲಿ ಬರೆದ ಕಾಗುಣಿತವೇ ಕೊನೆಯ ಮಾತು.

ಖಾತೆ ತೆರೆಯುವಾಗ ಸರ್ವರ್ ಆಯ್ಕೆಯಲ್ಲಿ bitwarden.com ಮತ್ತು bitwarden.eu ಎರಡೂ ಕಾಣುತ್ತವೆ. ಒಂದರಲ್ಲಿ ತೆರೆದ ಖಾತೆ ಇನ್ನೊಂದರಲ್ಲಿ ಇರುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ ತಪ್ಪು ಎಂದು ಬಂದರೆ ಮೊದಲು ಇದನ್ನು ನೋಡಿ.

ಈಗ ಇನ್‌ಸ್ಟಾಗ್ರಾಂ. ಇಲ್ಲಿ ಆತುರ ಬೇಡ. ಮೊದಲು ಬಿಟ್‌ವಾರ್ಡನ್‌ನಲ್ಲಿ ಹೊಸ Login ನಮೂದು ಮಾಡಿ, ಬಳಕೆದಾರ ಹೆಸರು ಮತ್ತು ಹಳೆಯ ಪಾಸ್‌ವರ್ಡನ್ನೇ ಹಾಕಿ ಸೇವ್ ಮಾಡಿ. ಆಮೇಲೆ Edit ಒತ್ತಿ, ಪಾಸ್‌ವರ್ಡ್ ಜಾಗದಲ್ಲಿ ಜನರೇಟರ್ ತೆರೆದು, Length 20 ಇಟ್ಟು, ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚಿಹ್ನೆ ನಾಲ್ಕನ್ನೂ ಆನ್ ಮಾಡಿ ಹೊಸದನ್ನು ಹುಟ್ಟಿಸಿ, ಮತ್ತೆ ಸೇವ್ ಮಾಡಿ. ಹೀಗೆ ಮಾಡಿದರೆ ಹಳೆಯದು ಆ ನಮೂದಿನ Password history ಒಳಗೆ ಉಳಿಯುತ್ತದೆ. ಕೊನೆಯ ಐದನ್ನು ಅದು ಇಟ್ಟುಕೊಳ್ಳುತ್ತದೆ. ಇಷ್ಟಾದ ಮೇಲೆಯೇ ಇನ್‌ಸ್ಟಾಗ್ರಾಂನ Accounts Center, Password and security, Change password ದಾರಿ ಹಿಡಿದು, ಹಳೆಯದನ್ನು ಹಿಸ್ಟರಿಯಿಂದಲೂ ಹೊಸದನ್ನು ನಮೂದಿನಿಂದಲೂ ಕಾಪಿ ಮಾಡಿ ಹಾಕಿ.

ಕೆಟ್ಟುಹೋಗುವುದು ಇದನ್ನು ತಿರುವುಮುರುವು ಮಾಡಿದಾಗ. ಜನರೇಟರ್‌ನಿಂದ ಒಂದನ್ನು ಕಾಪಿ ಮಾಡಿ ಇನ್‌ಸ್ಟಾಗ್ರಾಂಗೆ ಹಾಕುತ್ತಾರೆ, ವಾಪಸ್ ಬರುವಷ್ಟರಲ್ಲಿ ಜನರೇಟರ್ ಬೇರೊಂದನ್ನು ತೋರಿಸುತ್ತಿರುತ್ತದೆ, ಅದನ್ನು ಸೇವ್ ಮಾಡುತ್ತಾರೆ. ಹೀಗಾಗಿದ್ದರೆ ಬಿಟ್‌ವಾರ್ಡನ್‌ನಿಂದ ಲಾಗ್ ಔಟ್ ಆಗುವ ಮೊದಲೇ, ಅದೇ ಫೋನಿನಲ್ಲಿ, ಜನರೇಟರ್‌ನ ಹಿಸ್ಟರಿ ತೆರೆದು ನೋಡಿ. ಕಾಪಿ ಮಾಡಿದ್ದು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬದಲಿಸಿದ ಕೂಡಲೇ ಕಂಪ್ಯೂಟರಿನ ಪ್ರೈವೇಟ್ ವಿಂಡೋದಲ್ಲಿ ಒಮ್ಮೆ ಲಾಗಿನ್ ಆಗಿ ಖಾತ್ರಿ ಮಾಡಿಕೊಂಡು, ಆಮೇಲೆ ಫೇಸ್‌ಬುಕ್‌ಗೆ ಕೈಹಾಕಿ. ಬೇರೆ ಸಾಧನಗಳಿಂದ ಲಾಗ್ ಔಟ್ ಮಾಡಬೇಕೇ ಎಂದು ಕೇಳಿದರೆ ಹೂಂ ಎನ್ನಿ. ಅಂಗಡಿ ಹುಡುಗರ ಫೋನಿನಲ್ಲೂ ಆಗ ಖಾತೆ ಮುಚ್ಚುತ್ತದೆ, ಹಾಗಾಗಿ ಈ ಕೆಲಸ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಟ್ಟುಕೊಳ್ಳುವುದು ಮೇಲು.

ಆಟೋಫಿಲ್ ಮುನಿಸಿನ ಮಾತಿಗೆ ಬಂದರೆ, ಕಾರಣ ಹೆಚ್ಚಾಗಿ ಮೂರು. ಫೋನಿನ ಬ್ಯಾಟರಿ ಉಳಿತಾಯವು ಆ್ಯಪನ್ನು ಹಿನ್ನೆಲೆಯಲ್ಲಿ ಮಲಗಿಸಿರುತ್ತದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಬಿಟ್‌ವಾರ್ಡನ್‌ಗೆ ನಿರ್ಬಂಧ ತೆಗೆಯಬೇಕು. ಕ್ರೋಮ್‌ನಲ್ಲಿ ಮಾತ್ರ ತುಂಬುತ್ತಿಲ್ಲವೆಂದರೆ, ಕ್ರೋಮ್ ಸೆಟ್ಟಿಂಗ್ಸ್‌ನ Autofill services ಒಳಗೆ Autofill using another service ಆರಿಸಿರುವುದಿಲ್ಲ. ಮೂರನೆಯದು ಸೂಕ್ಷ್ಮ: ಆ್ಯಪ್‌ನಿಂದ ಸೇವ್ ಆದ ನಮೂದು ಆ್ಯಪ್‌ನ ವಿಳಾಸವನ್ನಷ್ಟೇ ಹಿಡಿದಿರುತ್ತದೆ, ವೆಬ್‌ಸೈಟಿನಲ್ಲಿ ಅದು ಹೊಂದುವುದಿಲ್ಲ. ನಮೂದಿನ ವಿಳಾಸದ ಜಾಗದಲ್ಲಿ ಇವೆರಡೂ ಬೇರೆ ಬೇರೆಯಾಗಿ ಇರಲಿ:

```
androidapp://com.instagram.android
https://www.instagram.com
```

ಇವೆಲ್ಲ ಸರಿಯಿದ್ದೂ ಇನ್‌ಸ್ಟಾಗ್ರಾಂನಂತೆ ಕಾಣುವ ಪುಟದಲ್ಲಿ ಬಿಟ್‌ವಾರ್ಡನ್ ತುಂಬಲು ಮುಂದೆ ಬರದಿದ್ದರೆ, ಕೈಯಿಂದ ಕಾಪಿ ಮಾಡಿ ಹಾಕಬೇಡಿ, ಮೇಲಿನ ವಿಳಾಸ ಓದಿ. "ನಿಮ್ಮ ಪೇಜ್ ಬಂದ್ ಆಗಲಿದೆ" ಎಂದು ಅಂಗಡಿಗಳಿಗೆ ಬರುವ ನಕಲಿ ಕೊಂಡಿಗಳನ್ನು ಅದು ಹಿಡಿಯುವುದೇ ಹೀಗೆ: ವಿಳಾಸ ಬೇರೆಯಾದರೆ ಅದಕ್ಕೆ ಆ ಪುಟದ ಪರಿಚಯವೇ ಇಲ್ಲ.

ನೇಕಾರರ ಊರಿಗೆ ಹೋದಾಗ ನೆಟ್‌ವರ್ಕ್ ಸಿಗದಿದ್ದರೂ ಇಟ್ಟದ್ದನ್ನು ನೋಡಬಹುದು, ಹೊಸದನ್ನು ಸೇರಿಸಲು ಬರುವುದಿಲ್ಲ. ಆದರೆ ಸೆಟ್ಟಿಂಗ್‌ನಲ್ಲಿ ಬಳಸದೆ ಬಿಟ್ಟ ಸಮಯ ಮೀರಿದಾಗ ಆಗಬೇಕಾದ್ದು Lock ಎಂದಿರಲಿ. Log out ಎಂದಿದ್ದರೆ ನೆಟ್ ಇಲ್ಲದೆ ಒಳಗೇ ಹೋಗಲಾರಿರಿ.

ಇಬ್ಬರು ಅಣ್ಣತಮ್ಮಂದಿರು ಅಂಗಡಿ ನಡೆಸುತ್ತಿದ್ದರೆ ಪಾಸ್‌ವರ್ಡ್ ಹಂಚಿಕೊಳ್ಳಲು ಉಚಿತ ಆವೃತ್ತಿಯ ಆರ್ಗನೈಸೇಶನ್ ಎಂಬ ಗುಂಪು ಸಾಕು. ಅದರಲ್ಲಿ ಇಬ್ಬರು ಸೇರಬಹುದು, ಇನ್‌ಸ್ಟಾಗ್ರಾಂ ನಮೂದನ್ನು ಹಂಚಿಕೊಂಡರೆ ಒಬ್ಬರು ಬದಲಿಸಿದ್ದು ಇನ್ನೊಬ್ಬರಿಗೂ ಬರುತ್ತದೆ. ಮೂರನೆಯವರಿಗೆ ದುಡ್ಡು ಕೊಡಬೇಕು. ಫೋಟೋ ಹಾಕುವ ಹುಡುಗನಿಗೆ ಫೇಸ್‌ಬುಕ್ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ. ಪೇಜ್ ಸೆಟ್ಟಿಂಗ್‌ನ Page access ಒಳಗೆ ಅವನ ಪ್ರೊಫೈಲ್ ಸೇರಿಸಿ, ಕೆಲಸ ಬಿಟ್ಟ ದಿನ ತೆಗೆದರಾಯಿತು.